ಪ್ರೋಟೀನ್ ತೂಕ 16 ಜಾಸ್ತಿ ಬಂದರೆ: ಎಲೆಕ್ಟ್ರೋಸ್ಪ್ರೇ ಸ್ಪೆಕ್ಟ್ರಮ್‌ನಲ್ಲಿ ತಪ್ಪು ಹುಡುಕುವ ಬಗೆ

ಕುದುರೆಯ ಹೃದಯದಿಂದ ತೆಗೆದ ಮಯೋಗ್ಲೋಬಿನ್, ಅದರೊಳಗಿನ ಕಬ್ಬಿಣದ ಗುಂಪಾದ ಹೀಮ್ ಕಳಚಿದ ಮೇಲೆ, ಸರಾಸರಿ 16951.5 ಡಾಲ್ಟನ್ ತೂಗುತ್ತದೆ. ಎಲೆಕ್ಟ್ರೋಸ್ಪ್ರೇ ಮಾಸ್ ಸ್ಪೆಕ್ಟ್ರೋಮೀಟರ್ ಸರಿಯಾಗಿದೆಯಾ ಅಂತ ನೋಡಲು ಬಹಳಷ್ಟು ಲ್ಯಾಬ್‌ಗಳು ಓಡಿಸುವ ಪ್ರೋಟೀನ್ ಇದು. ಒಮ್ಮೆ ನನ್ನ ಕೈಗೆ ಬಂದ ಎಕ್ಸೆಲ್ ಹಾಳೆಯಲ್ಲಿ ಇದರ ತೂಕ 16967.6 ಅಂತ ಇತ್ತು. ಪಕ್ಕದಲ್ಲಿ ಒಂದು ಷರಾ: ಮೆಥಿಯೊನಿನ್ ಆಕ್ಸಿಡೈಸ್ ಆಗಿದೆ, ಹೊಸ ಸ್ಯಾಂಪಲ್ ತರಿಸಬೇಕು.

ನೋಡಿದರೆ ಎಲ್ಲಾ ಸರಿಹೊಂದುತ್ತದೆ. ವ್ಯತ್ಯಾಸ 16.1, ಒಂದು ಆಮ್ಲಜನಕದ ತೂಕ 16.0. ಈ ಪ್ರೋಟೀನ್‌ನಲ್ಲಿ ಎರಡು ಮೆಥಿಯೊನಿನ್ ಇವೆ, ಅವು ಆಕ್ಸಿಡೈಸ್ ಆಗುವುದು ಮಾಮೂಲು. ಆದರೆ ಆ ಸ್ಯಾಂಪಲ್‌ಗೆ ಏನೂ ಆಗಿರಲಿಲ್ಲ. ತಪ್ಪು ಇದ್ದದ್ದು ಲೆಕ್ಕದಲ್ಲಿ. ಅದನ್ನು ಕಂಡುಹಿಡಿಯಲು ಹೊಸ ಸ್ಯಾಂಪಲ್ಲೂ ಬೇಕಾಗಲಿಲ್ಲ, ಮತ್ತೆ ಓಡಿಸುವುದೂ ಬೇಕಾಗಲಿಲ್ಲ. ಇದ್ದ ಪೀಕ್‌ಗಳನ್ನೇ ಒಂದೊಂದಾಗಿ ನೋಡಿದ್ದು ಸಾಕಾಯಿತು.

ತೂಕ ಹೊಂದದೆ ಇದ್ದಾಗ ತಪ್ಪು ಚಾರ್ಜ್ ಎಣಿಕೆಯಲ್ಲಿದೆಯಾ, ಲೆಕ್ಕದಲ್ಲಿದೆಯಾ, ಯಂತ್ರದಲ್ಲಿದೆಯಾ, ಇಲ್ಲಾ ನಿಜಕ್ಕೂ ಪ್ರೋಟೀನ್‌ನಲ್ಲೇ ಇದೆಯಾ ಅಂತ ಬೇರ್ಪಡಿಸುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ಕೊನೆಯವರೆಗೂ ಮಯೋಗ್ಲೋಬಿನ್ ಒಂದನ್ನೇ ಇಟ್ಟುಕೊಳ್ಳೋಣ.

ಸರಿಯಾದ ಸ್ಪೆಕ್ಟ್ರಮ್ ಹೇಗಿರುತ್ತದೆ

ಅಸಿಟೋನೈಟ್ರೈಲ್ ಮತ್ತು ನೀರು ಅರ್ಧರ್ಧ, ಅದಕ್ಕೆ 0.1 ಶೇಕಡಾ ಫಾರ್ಮಿಕ್ ಆಮ್ಲ. ಈ ದ್ರಾವಣದಲ್ಲಿ ಮಯೋಗ್ಲೋಬಿನ್ ಬಿಚ್ಚಿಕೊಳ್ಳುತ್ತದೆ, ಹೀಮ್ ಕಳಚಿಕೊಂಡು ಹೋಗುತ್ತದೆ, ಸರಪಳಿಯ ಉದ್ದಕ್ಕೂ ಪ್ರೋಟಾನ್‌ಗಳು ಅಂಟಿಕೊಳ್ಳುತ್ತವೆ. ಎಲ್ಲಾ ಅಣುಗಳಿಗೂ ಒಂದೇ ಲೆಕ್ಕದಲ್ಲಿ ಅಂಟುವುದಿಲ್ಲ. ಒಂದಕ್ಕೆ 15, ಇನ್ನೊಂದಕ್ಕೆ 16, ಮತ್ತೊಂದಕ್ಕೆ 17. ಯಂತ್ರ ತೂಕವನ್ನು ನೇರವಾಗಿ ಅಳೆಯುವುದಿಲ್ಲ. ತೂಕವನ್ನು ಚಾರ್ಜ್‌ನಿಂದ ಭಾಗಿಸಿದರೆ ಬರುವ m/z ಅನ್ನು ಅಳೆಯುತ್ತದೆ. ಹಾಗಾಗಿ ಒಂದೇ ಪ್ರೋಟೀನ್ ಒಂದು ಸಾಲು ಪೀಕ್‌ಗಳಾಗಿ ಕಾಣುತ್ತದೆ. ನಡುವಿನವು ಎತ್ತರ, ಎರಡೂ ತುದಿಯಲ್ಲಿ ಇಳಿಜಾರು.

ಲೆಕ್ಕ ಇಷ್ಟೇ. M ಅಂದರೆ ಪ್ರೋಟೀನ್‌ನ ತೂಕ, z ಅಂದರೆ ಚಾರ್ಜ್, 1.00728 ಅಂದರೆ ಒಂದು ಪ್ರೋಟಾನ್‌ನ ತೂಕ:

```
m/z = (M + z × 1.00728) / z
M   = z × (m/z − 1.00728)
```

ಮಯೋಗ್ಲೋಬಿನ್‌ನಲ್ಲಿ ನಿಮಗೆ ಸುಮಾರಾಗಿ ಈ ಪೀಕ್‌ಗಳು ಸಿಗಬೇಕು: 1413.63, 1304.97, 1211.83, 1131.11, 1060.48, 998.15, 942.76, 893.19, 848.58. ಲೆಕ್ಕಕ್ಕೆ ಇಳಿಯುವ ಮೊದಲು ಪಕ್ಕಪಕ್ಕದ ಪೀಕ್‌ಗಳ ನಡುವಿನ ಅಂತರವನ್ನು ಕಣ್ಣಲ್ಲೇ ನೋಡಿ. 1211.83ರಿಂದ ಎಡಕ್ಕೆ ಹೋದರೆ ಅಂತರ 80.7, 70.6, 62.3, 55.4, 49.6, 44.6. ಒಂದೇ ಹದದಲ್ಲಿ ಕಿರಿದಾಗುತ್ತಾ ಹೋಗುತ್ತದೆ. ನಡುವೆ ಎಲ್ಲಾದರೂ ಅಂತರ ಇದ್ದಕ್ಕಿದ್ದಂತೆ ದೊಡ್ಡದಾದರೆ ಅಲ್ಲೊಂದು ಪೀಕ್ ಪಟ್ಟಿಯಿಂದ ಬಿಟ್ಟುಹೋಗಿದೆ. ಚಿಕ್ಕದಾದರೆ ಬೇರೆ ಯಾವುದೋ ಪೀಕ್ ಸಾಲಿನೊಳಗೆ ನುಸುಳಿದೆ.

ಇದೇ ಸ್ಪೆಕ್ಟ್ರಮ್‌ನಲ್ಲಿ 616ರ ಹತ್ತಿರ ಒಂಟಿ ಪೀಕ್ ಒಂದು ಕಾಣುತ್ತದೆ. ಹೊಸಬರು ಅದನ್ನು ಕೊಳೆ ಅಂದುಕೊಳ್ಳುತ್ತಾರೆ. ಅದು ಕಳಚಿಬಿದ್ದ ಹೀಮ್, ಒಂದೇ ಚಾರ್ಜ್ ಹೊತ್ತದ್ದು. ಅದು ಇದ್ದರೆ ಒಳ್ಳೆಯದೇ, ಆದರೆ ಪ್ರೋಟೀನ್‌ನ ಪೀಕ್ ಪಟ್ಟಿಯಲ್ಲಿ ಸೇರಿಸಬೇಡಿ. ಆಮ್ಲ ಇಲ್ಲದೆ, ಅಮೋನಿಯಂ ಅಸಿಟೇಟ್‌ನಲ್ಲಿ ಓಡಿಸಿದರೆ ಚಿತ್ರವೇ ಬೇರೆ. ಪ್ರೋಟೀನ್ ಮಡಚಿಕೊಂಡೇ ಇರುತ್ತದೆ, ಹೀಮ್ ಒಳಗೇ ಉಳಿಯುತ್ತದೆ. 8, 9ರಂಥ ಕಡಿಮೆ ಚಾರ್ಜ್‌ನ ಪೀಕ್‌ಗಳು 2197 ಮತ್ತು 1953ರ ಸುತ್ತ ನಿಲ್ಲುತ್ತವೆ, ತೂಕ 17568ರ ಹತ್ತಿರ ಬರುತ್ತದೆ. ಅದೂ ದೋಷ ಅಲ್ಲ.

ಚಾರ್ಜ್ ಎಷ್ಟು ಅಂತ ತಿಳಿಯುವುದು

ಪಕ್ಕಪಕ್ಕದ ಎರಡು ಪೀಕ್ ತೆಗೆದುಕೊಳ್ಳಿ. ಬಲಗಡೆಯದು (ದೊಡ್ಡ m/z) m1, ಎಡಗಡೆಯದು m2. ಎಡಗಡೆಯದಕ್ಕೆ ಒಂದು ಪ್ರೋಟಾನ್ ಜಾಸ್ತಿ. ಎರಡರದ್ದೂ ತೂಕ ಒಂದೇ ಆಗಿರಬೇಕು ಅಂತ ಸಮೀಕರಣ ಬರೆದರೆ m1ನ ಚಾರ್ಜ್ ಹೀಗೆ ಬರುತ್ತದೆ:

```
z1 = (m2 − 1.00728) / (m1 − m2)
```

1060.48 ಮತ್ತು 998.15 ಹಾಕಿ ನೋಡಿ. ಮೇಲೆ 997.14, ಕೆಳಗೆ 62.33. ಭಾಗಿಸಿದರೆ 15.998, ಅಂದರೆ 16. ಪೂರ್ಣಸಂಖ್ಯೆಗೆ ಇಷ್ಟು ಹತ್ತಿರ ಬಂದರೆ ಸಮಾಧಾನ ಅನಿಸುತ್ತದೆ. ಆದರೆ ಬರೀ ಪೂರ್ಣಸಂಖ್ಯೆ ಬಂತು ಅಂತ ಪೂರ್ತಿ ನಂಬಬೇಡಿ. ಯಾಕೆ ಅಂತ ಅರ್ಧ ತೂಕದ ವಿಷಯ ಬಂದಾಗ ಹೇಳುತ್ತೇನೆ.

ಒಂದು ಪೀಕ್‌ನ ಚಾರ್ಜ್ ಗೊತ್ತಾದರೆ ಉಳಿದವು ತಾನಾಗಿ ಬಂದವು. ಎಡಕ್ಕೆ 17, 18, 19, 20. ಬಲಕ್ಕೆ 15, 14, 13, 12. ಈಗ ಪ್ರತಿ ಪೀಕ್‌ನಿಂದ ಬೇರೆ ಬೇರೆಯಾಗಿ ತೂಕ ತೆಗೆಯಿರಿ:

```python
p = 1.00728
peaks = {12: 1413.63, 13: 1304.97, 14: 1211.83,
         15: 1131.11, 16: 1060.48, 17: 998.15,
         18: 942.76, 19: 893.19, 20: 848.58}
for z, mz in peaks.items():
    print(z, round(z * (mz - p), 1))
```

ಉತ್ತರಗಳೆಲ್ಲಾ 16951.4 ಮತ್ತು 16951.6ರ ನಡುವೆ ಬರುತ್ತವೆ. ಹೆಚ್ಚಿನವು 16951.5. ಎಲೆಕ್ಟ್ರೋಸ್ಪ್ರೇಯ ದೊಡ್ಡ ಅನುಕೂಲ ಇದೇ. ಈ ವಿಧಾನವನ್ನು ಪ್ರೋಟೀನ್‌ಗಳಿಗೆ ಒಗ್ಗಿಸಿ 2002ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜಾನ್ ಫೆನ್ ಅವರ ಗುಂಪು ಮೊದಲೇ ತೋರಿಸಿದ್ದೂ ಇದನ್ನೇ: ಸಾಲಿನ ಪ್ರತಿ ಪೀಕ್ ಒಂದೇ ತೂಕದ ಬೇರೆ ಬೇರೆ ಅಳತೆ. ಒಂದು ಓಟದಲ್ಲಿ ಒಂಬತ್ತು ಅಳತೆ ಸಿಕ್ಕ ಹಾಗೆ.

ಈ ಒಂಬತ್ತನ್ನೂ ಕೂಡಿಸಿ ಸರಾಸರಿ ಮಾಡಿ, ಬಂದ ಒಂದು ಸಂಖ್ಯೆಯನ್ನು ಮಾತ್ರ ರಿಪೋರ್ಟ್‌ನಲ್ಲಿ ಬರೆಯುವುದು ರೂಢಿ. ದೋಷ ಹುಡುಕುವವರಿಗೆ ಅದು ಆಗದು. ಸರಾಸರಿ ಮಾಡಿದ ಕೂಡಲೇ ತಪ್ಪಿನ ಗುರುತು ಅಳಿಸಿಹೋಗುತ್ತದೆ. z ಏರಿದಂತೆ M ಏರುತ್ತದೆಯಾ, ಇಳಿಯುತ್ತದೆಯಾ, ಒಂದೇ ಮಟ್ಟದಲ್ಲಿದೆಯಾ, ಅಷ್ಟನ್ನು ಮೊದಲು ನೋಡಬೇಕು.

ಆ 16 ಡಾಲ್ಟನ್‌ನ ಕಥೆ

ಹಾಳೆಯಲ್ಲಿ ಸರಾಸರಿಯ ಹಿಂದೆ ಬಚ್ಚಿಟ್ಟಿದ್ದ ಕಾಲಮ್ ತೆರೆದಾಗ ಕಂಡದ್ದು ಹೀಗೆ:

```
z     M
12    16963.6
13    16964.6
14    16965.6
15    16966.7
16    16967.7
17    16968.6
18    16969.7
19    16970.6
20    16971.6
```

ಪ್ರತಿ ಮೆಟ್ಟಿಲಿಗೂ ಸರಿಯಾಗಿ ಒಂದೊಂದು ಡಾಲ್ಟನ್ ಏರಿದೆ. ಒಂದೇ ಪ್ರೋಟೀನ್, ಚಾರ್ಜ್ ಜಾಸ್ತಿ ಆದಷ್ಟೂ ಭಾರ ಆಗುತ್ತಿದೆ! ಒಂದು ಚಾರ್ಜ್‌ಗೆ ಒಂದು ಡಾಲ್ಟನ್ ಅಂದರೆ ಅದು ಪ್ರೋಟಾನ್ ಅಲ್ಲದೆ ಇನ್ನೇನು? ಸೂತ್ರದಲ್ಲಿ z × (m/z − 1.00728) ಇರಬೇಕಾದ ಕಡೆ ಸುಮ್ನೆ z × m/z ಅಂತ ಇತ್ತು. ಪ್ರೋಟಾನ್‌ಗಳ ತೂಕವನ್ನು ಕಳೆದಿರಲೇ ಇಲ್ಲ. 12ರಿಂದ 20ರವರೆಗಿನ ಚಾರ್ಜ್‌ಗಳ ಸರಾಸರಿ 16. ಹಾಗಾಗಿ 16 ಪ್ರೋಟಾನ್‌ಗಳ ತೂಕ, ಅಂದರೆ 16.1 ಡಾಲ್ಟನ್, ಜಾಸ್ತಿ ಬಂದಿತ್ತು. ಅದು ಒಂದು ಆಮ್ಲಜನಕದ ತೂಕಕ್ಕೆ ಹೊಂದಿದ್ದು ಬರೀ ಕಾಕತಾಳೀಯ.

ಪ್ರೋಟಾನ್ ಬಿಟ್ಟುಹೋದರೆ ಬರುವ ಹೆಚ್ಚುವರಿ ತೂಕ ಯಾವಾಗಲೂ ಸರಾಸರಿ ಚಾರ್ಜ್‌ನಷ್ಟೇ ಇರುತ್ತದೆ. ಸಾಲು 22ರ ಸುತ್ತ ಇದ್ದಿದ್ದರೆ ವ್ಯತ್ಯಾಸ 22 ಆಗುತ್ತಿತ್ತು, ಸೋಡಿಯಂ ಅಂಟಿದೆ ಅನ್ನುತ್ತಿದ್ದರು. 42ರ ಸುತ್ತ ಇದ್ದಿದ್ದರೆ ಅಸಿಟೈಲ್ ಗುಂಪು ಸೇರಿದೆ ಅನ್ನುತ್ತಿದ್ದರು. ಪ್ರೋಟೀನ್ ಪ್ರಪಂಚದಲ್ಲಿ ಯಾವ ಸಂಖ್ಯೆಗೂ ಒಂದು ವಿವರಣೆ ಹುಡುಕಬಹುದು. ಹಾಗಾಗಿಯೇ ವ್ಯತ್ಯಾಸ ಯಾವುದಕ್ಕೋ ಹೊಂದಿತು ಅನ್ನುವುದು ನನ್ನ ಮಟ್ಟಿಗೆ ಸಾಕ್ಷಿ ಅಲ್ಲ.

ನಿಜವಾಗಿ ಆಕ್ಸಿಡೈಸ್ ಆಗಿದ್ದರೆ ಹೇಗಿರುತ್ತಿತ್ತು? ಮೊದಲನೆಯದಾಗಿ, ಎಲ್ಲಾ ಸಾಲಿನಲ್ಲೂ 16967.5 ಅಂತಲೇ ಬರುತ್ತಿತ್ತು. 12ಕ್ಕೂ ಅಷ್ಟೇ, 20ಕ್ಕೂ ಅಷ್ಟೇ. ಆಮ್ಲಜನಕ ಪ್ರೋಟೀನ್‌ನ ಮೇಲೆ ಕೂತಿರುತ್ತದೆ, ಚಾರ್ಜ್ ಎಷ್ಟು ಅಂತ ಅದಕ್ಕೆ ಸಂಬಂಧವೇ ಇಲ್ಲ. ಎರಡನೆಯದಾಗಿ, ಆಕ್ಸಿಡೇಶನ್ ಸಾಮಾನ್ಯವಾಗಿ ಅರೆಬರೆ ಆಗಿರುತ್ತದೆ. ಅಂಥಾಗ ಮೂಲ ಪೀಕ್ ಅಲ್ಲೇ ಇದ್ದು, ಅದರ ಬಲಕ್ಕೆ ಇನ್ನೊಂದು ಪೀಕ್ ಏಳುತ್ತದೆ. ಚಾರ್ಜ್ 16ರಲ್ಲಿ 1060.48ರ ಪಕ್ಕ 1061.48, ಅಂದರೆ 1.00 ದೂರ. ಚಾರ್ಜ್ 20ರಲ್ಲಿ 848.58ರ ಪಕ್ಕ 849.38, ಅಂದರೆ 0.80 ದೂರ. ಆ ಸ್ಪೆಕ್ಟ್ರಮ್‌ನಲ್ಲಿ ಪೀಕ್‌ಗಳು ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ದವು. ಪಕ್ಕದಲ್ಲಿ ಏನೂ ಇರಲಿಲ್ಲ.

ಇನ್ನೊಂದು ಸುಳಿವು ಹಾಳೆಯಲ್ಲೇ ಇತ್ತು. ಸರಾಸರಿಯ ಪಕ್ಕದಲ್ಲಿ ±2.8 ಅಂತ ಬರೆದಿತ್ತು. ಸರಿಯಾದ ಲೆಕ್ಕದಲ್ಲಿ ಇದೇ ಪೀಕ್‌ಗಳ ಹರಡು 0.1ಕ್ಕಿಂತ ಕಡಿಮೆ. ಪೀಕ್‌ಗಳು ಚೂಪಾಗಿದ್ದೂ ಹರಡು ಇಷ್ಟು ದೊಡ್ಡದಿದ್ದರೆ ಅದು ಅಳತೆಯಲ್ಲಿ ಅಲ್ಲಿಲ್ಲಿ ಬರುವ ಏರುಪೇರಲ್ಲ, ಒಂದು ಕಡೆಗೆ ವಾಲಿದ ತಪ್ಪು.

ಇಳಿಜಾರಿನ ಅಳತೆ ಏನು ಹೇಳುತ್ತದೆ

ಒಂದು ಚಾರ್ಜ್‌ಗೆ ತೂಕ ಎಷ್ಟು ಏರಿತು ಅಥವಾ ಇಳಿಯಿತು ಅನ್ನುವುದನ್ನೇ ಇಳಿಜಾರು ಅನ್ನೋಣ. ಒಂದು ಚಾರ್ಜ್‌ಗೆ 1.007 ಏರಿದರೆ ಪ್ರೋಟಾನ್ ಮರೆತಿದ್ದು. ಅದಕ್ಕಿಂತ ತೀರಾ ಕಡಿಮೆ ಏರಿದರೆ? ಇಲ್ಲಿ ಇನ್ನೊಂದು ಬಗೆಯ ತಪ್ಪನ್ನು ನೋಡೋಣ. ಯಂತ್ರದ m/z ಅಳತೆಪಟ್ಟಿ ಪೂರ್ತಿಯಾಗಿ 0.15 ಬಲಕ್ಕೆ ಸರಿದಿದೆ ಅಂತಿಟ್ಟುಕೊಳ್ಳಿ. ಪ್ರತಿ ಪೀಕ್ 0.15 ಜಾಸ್ತಿ ತೋರಿಸುತ್ತದೆ: 1413.78, 1060.63, 848.73. ಸೂತ್ರ ಸರಿಯಾಗೇ ಇದೆ. ಚಾರ್ಜ್ 12ರಲ್ಲಿ ತೂಕ 16953.3 ಬರುತ್ತದೆ, 16ರಲ್ಲಿ 16953.9 ಅಥವಾ 16954.0, 20ರಲ್ಲಿ 16954.5. ಸರಾಸರಿ ಮಾಡಿದರೆ 2.4 ಡಾಲ್ಟನ್ ಜಾಸ್ತಿ.

ಎರಡು ಡಾಲ್ಟನ್ ಅಂದ ತಕ್ಷಣ ಡೈಸಲ್ಫೈಡ್ ಬಂಧ ಒಂದು ಮುರಿದಿರಬೇಕು ಅನಿಸುತ್ತದೆ, ಅಲ್ವಾ? ಬಂಧ ಮುರಿದರೆ ಎರಡು ಹೈಡ್ರೋಜನ್ ಸೇರುತ್ತವೆ, ತೂಕ 2 ಏರುತ್ತದೆ. ಆದರೆ ಕುದುರೆಯ ಮಯೋಗ್ಲೋಬಿನ್‌ನಲ್ಲಿ ಸಿಸ್ಟೀನ್ ಒಂದೂ ಇಲ್ಲ! ಮುರಿಯಲು ಬಂಧವೇ ಇಲ್ಲ. ಗೊತ್ತಿರುವ ಪ್ರೋಟೀನ್ ಆದ್ದರಿಂದ ಇಲ್ಲಿ ಸಿಕ್ಕಿಬೀಳುತ್ತದೆ. ಸಿಸ್ಟೀನ್ ಇರುವ ಹೊಸ ಪ್ರೋಟೀನ್ ಆಗಿದ್ದರೆ ಈ ವಿವರಣೆ ರಿಪೋರ್ಟ್‌ಗೆ ಹೋಗಿಬಿಡುತ್ತಿತ್ತು.

ಕಂಡುಹಿಡಿಯುವುದು ಅದೇ ರೀತಿ. 12ರಿಂದ 20ಕ್ಕೆ ಎಂಟು ಚಾರ್ಜ್, ತೂಕ ಏರಿದ್ದು 1.2. ಒಂದು ಚಾರ್ಜ್‌ಗೆ 0.15. ಈ ಇಳಿಜಾರೇ m/z ಎಷ್ಟು ಸರಿದಿದೆ ಅನ್ನುವುದರ ಅಳತೆ. ಅಳತೆಪಟ್ಟಿ ಎಡಕ್ಕೆ ಸರಿದಿದ್ದರೆ ತೂಕ ಇಳಿಯುತ್ತಾ ಹೋಗುತ್ತದೆ. ಎರಡರಲ್ಲೂ ಯಂತ್ರವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು. ಲೆಕ್ಕದಲ್ಲಿ 0.15 ಕಳೆದು ಸರಿಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ. ಸರಿದದ್ದು ಎಲ್ಲಾ ಕಡೆ ಒಂದೇ ಸಮ ಇರುತ್ತದೆ ಅನ್ನುವ ಭರವಸೆ ಇಲ್ಲ.

ಈ ಪರೀಕ್ಷೆಗೆ ಒಂದು ಮಿತಿ ಇದೆ. m/z ಓದುವಾಗ 0.1 ತಪ್ಪಿದರೆ ಚಾರ್ಜ್ 20ರಲ್ಲಿ ಅದು 2 ಡಾಲ್ಟನ್ ಆಗಿ ಹಿಗ್ಗುತ್ತದೆ. ಅಂಥಾ ಓದಿನಲ್ಲಿ 0.15ರ ಇಳಿಜಾರು ಕಾಣುವುದೇ ಇಲ್ಲ. ಪೀಕ್‌ನ ತುದಿಯನ್ನು ಎರಡು ದಶಮಾಂಶದವರೆಗೆ ಓದಲು ಆಗಬೇಕು. ತುದಿಯಲ್ಲಿ ಸಿಗುವ ಒಂದೆರಡು ಕುಳ್ಳ ಪೀಕ್‌ಗಳನ್ನು ಬಿಟ್ಟು, ಎತ್ತರದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಒಳ್ಳೆಯದು.

ಚಾರ್ಜ್ ಒಂದು ಹೆಚ್ಚುಕಮ್ಮಿ ಆದರೆ

ಇಲ್ಲಿ ಇಳಿಜಾರು ಸಣ್ಣದಲ್ಲ, ಬೆಟ್ಟದಷ್ಟು. 1131.11, 1060.48, 998.15 ಈ ಮೂರಕ್ಕೆ 15, 16, 17ರ ಬದಲು 16, 17, 18 ಅಂತ ಹಾಕಿ. ತೂಕ 18081.6, 18011.0, 17948.6 ಆಗುತ್ತದೆ. ಪ್ರತಿ ಮೆಟ್ಟಿಲಿಗೂ 60, 70 ಡಾಲ್ಟನ್ ಇಳಿಯುತ್ತಿದೆ. ಒಂದು ಕಮ್ಮಿ ಮಾಡಿ 14, 15, 16 ಹಾಕಿದರೆ 15821.4, 15892.1, 15954.3. ಈಗ ಏರುತ್ತಿದೆ. ಚಾರ್ಜ್ ಏರಿದಂತೆ ತೂಕ ಇಳಿದರೆ z ಜಾಸ್ತಿ ಹಾಕಿದ್ದೀರಿ, ಏರಿದರೆ ಕಮ್ಮಿ ಹಾಕಿದ್ದೀರಿ. ಒಂದೊಂದೇ ಸರಿಸಿ ನೋಡಿದರೆ ಒಂದೇ ಕಡೆ ಮೂರೂ ಸಾಲು ಸಮ ಆಗುತ್ತವೆ.

ಸಣ್ಣ ಪ್ರೋಟೀನ್‌ಗಳಲ್ಲಿ ಈ ತಪ್ಪು ಅಪರೂಪ. ಒಂದೂವರೆ ಲಕ್ಷ ಡಾಲ್ಟನ್ ತೂಗುವ ಆಂಟಿಬಾಡಿಯಂಥ ದೊಡ್ಡ ಪ್ರೋಟೀನ್‌ನಲ್ಲಿ ಮಾತ್ರ ಎಚ್ಚರ ಬೇಕು. ಚಾರ್ಜ್ 50ರ ಹತ್ತಿರ ಪೀಕ್‌ಗಳ ಅಂತರ 60ಕ್ಕೆ ಸ್ವಲ್ಪ ಕಮ್ಮಿ. ಪೀಕ್ ಅಗಲವಾಗಿದ್ದು ಆ ಅಂತರವನ್ನು ಅರ್ಧ ಯೂನಿಟ್ ತಪ್ಪಾಗಿ ಓದಿದರೆ ಚಾರ್ಜ್ 50 ಬರಬೇಕಾದ ಕಡೆ 49.6 ಬರುತ್ತದೆ, ಇಲ್ಲಾ 50.4. ಇನ್ನೂ ಸ್ವಲ್ಪ ತಪ್ಪಿದರೆ ಪಕ್ಕದ ಸಂಖ್ಯೆಗೆ ಜಿಗಿಯುತ್ತದೆ. ಅಲ್ಲಿ ಎರಡು ಪೀಕ್ ನಂಬಿ ಕೂರಬೇಡಿ. ಏಳೆಂಟು ಪೀಕ್ ತೆಗೆದುಕೊಂಡು 49, 50, 51 ಮೂರನ್ನೂ ಹಾಕಿ, ಯಾವುದರಲ್ಲಿ ಇಳಿಜಾರು ಮಾಯವಾಗುತ್ತದೋ ಅದನ್ನು ಹಿಡಿಯಿರಿ.

ಅರ್ಧ ತೂಕ, ಎರಡರಷ್ಟು ತೂಕ

ಇಳಿಜಾರಿನ ಪರೀಕ್ಷೆ ಕೈಕೊಡುವ ಜಾಗ ಇದು. ಸಾಫ್ಟ್‌ವೇರ್ ಮಯೋಗ್ಲೋಬಿನ್‌ನ ತೂಕ 8475.8 ಅಂತ ತೋರಿಸುತ್ತದೆ. ಎಲ್ಲಾ ಪೀಕ್‌ನಿಂದಲೂ ಅಷ್ಟೇ ಬರುತ್ತದೆ, ಏರಿಳಿತವೇ ಇಲ್ಲ. ಆದರೂ ತಪ್ಪು.

ಆಗಿದ್ದೇನು ಅಂದರೆ, ಪೀಕ್ ಆರಿಸುವಾಗ ಒಂದು ಬಿಟ್ಟು ಒಂದು ಆರಿಸಿದ್ದಾರೆ. 998.15 ಅನ್ನು ಬಿಟ್ಟು 1060.48 ಮತ್ತು 942.76 ಅನ್ನು ಪಕ್ಕಪಕ್ಕದವು ಅಂತ ಸೂತ್ರಕ್ಕೆ ಹಾಕಿ. 941.75 ಅನ್ನು 117.72ರಿಂದ ಭಾಗಿಸಿದರೆ 8.00. ಅಚ್ಚುಕಟ್ಟಾದ ಪೂರ್ಣಸಂಖ್ಯೆ! ನಿಜವಾದ ಚಾರ್ಜ್‌ಗಳು 16 ಮತ್ತು 18. ಅರ್ಧ ತೂಕದ ಪ್ರೋಟೀನ್ 8 ಮತ್ತು 9 ಚಾರ್ಜ್ ಹೊತ್ತರೆ ಅದರ m/z ಕೂಡಾ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇದೇ ಜಾಗಕ್ಕೆ ಬರುತ್ತದೆ. ಗಣಿತಕ್ಕೆ ಎರಡೂ ಒಂದೇ.

ಬೆಸ ಚಾರ್ಜ್‌ಗಳ ಜೋಡಿಯಲ್ಲಿ ಹೀಗಾದರೆ ತಪ್ಪು ತಾನೇ ಬಾಯಿಬಿಡುತ್ತದೆ. 998.15 ಮತ್ತು 893.19 ಹಾಕಿದರೆ 8.50 ಬರುತ್ತದೆ. ಹಾಗಾಗಿ ಯಾವುದಾದರೂ ಜೋಡಿಯಲ್ಲಿ ಉತ್ತರ ಸರಿಯಾಗಿ ಅರ್ಧಕ್ಕೆ ಬಂದರೆ, ನಡುವೆ ಒಂದು ಪೀಕ್ ಬಿಟ್ಟಿದ್ದೀರಿ ಅಂತಲೇ ಅರ್ಥ. ಖಚಿತ ಮಾಡಿಕೊಳ್ಳಲು ಮೂಲ ಸ್ಪೆಕ್ಟ್ರಮ್‌ಗೆ ಹೋಗಿ. ತೂಕ 8475.8 ನಿಜವಾಗಿದ್ದರೆ 998.15, 893.19, 1131.11 ಈ ಎತ್ತರದ ಪೀಕ್‌ಗಳಿಗೆಲ್ಲಾ ದಿಕ್ಕಿಲ್ಲ. ದೊಡ್ಡ ಪೀಕ್‌ಗಳಿಗೆ ವಿವರಣೆ ಕೊಡದ ತೂಕ ತಪ್ಪು ತೂಕ.

ಎರಡರಷ್ಟು ತೂಕ ಇದರ ತಿರುಗುಮುರುಗು. ಸಾಫ್ಟ್‌ವೇರ್ 33903 ಅಂತ ತೋರಿಸಿ, ಪ್ರೋಟೀನ್ ಜೋಡಿಯಾಗಿದೆ ಅನ್ನುವ ಭ್ರಮೆ ಹುಟ್ಟಿಸುತ್ತದೆ. ಜೋಡಿ ಇದ್ದದ್ದೇ ಆದರೆ ಅದಕ್ಕೆ 31, 33ರಂಥ ಬೆಸ ಚಾರ್ಜ್‌ಗಳೂ ಇರಬೇಕು. ಅವು ಒಂಟಿ ಪ್ರೋಟೀನ್‌ನ ಪೀಕ್‌ಗಳ ನಡುವಿನ ಖಾಲಿ ಜಾಗದಲ್ಲಿ ಬರುತ್ತವೆ: 31 ಬರುವುದು 1094.65ರಲ್ಲಿ, 33 ಬರುವುದು 1028.37ರಲ್ಲಿ. ಅಲ್ಲಿ ತಳ ಸಪಾಟಾಗಿದ್ದರೆ ಜೋಡಿಯೂ ಇಲ್ಲ, ಏನೂ ಇಲ್ಲ. ಡಿಕನ್ವಲ್ಯೂಶನ್, ಅಂದರೆ ಪೀಕ್ ಸಾಲಿನಿಂದ ಸಾಫ್ಟ್‌ವೇರ್ ತೂಕ ತೆಗೆಯುವ ಲೆಕ್ಕ, ಮಾಡುವಾಗ ತೂಕದ ವ್ಯಾಪ್ತಿಯನ್ನು ತೀರಾ ಅಗಲವಾಗಿ ಕೊಟ್ಟರೆ ಈ ನೆರಳು ಪೀಕ್‌ಗಳು ಹೆಚ್ಚಾಗಿ ಏಳುತ್ತವೆ. ವ್ಯಾಪ್ತಿಯನ್ನು ಕಿರಿದು ಮಾಡಿದರೆ ಅವು ಮಾಯವಾಗುತ್ತವೆ ನಿಜ, ಆದರೆ ಆಗ ನೀವು ನಿರೀಕ್ಷಿಸಿದ್ದೇ ಸಿಗುತ್ತದೆ. ಹಾಗಾಗಿ ಖಾಲಿ ಜಾಗ ನೋಡುವುದನ್ನು ಬಿಡಬೇಡಿ.

ಯಂತ್ರಕ್ಕೆ ಐಸೊಟೋಪ್ ಪೀಕ್‌ಗಳನ್ನು ಬಿಡಿಸಿ ತೋರಿಸುವ ಶಕ್ತಿ ಇದ್ದರೆ ಈ ಜಗಳವೇ ಇಲ್ಲ. ಐಸೊಟೋಪ್‌ಗಳ ಅಂತರ 1/z. 16ಕ್ಕೆ 0.063, 8ಕ್ಕೆ 0.125. ನೋಡಿದ ಕೂಡಲೇ ಗೊತ್ತಾಗುತ್ತದೆ. ಅದಕ್ಕೆ ಬೇಕಾದ ರೆಸಲ್ಯೂಶನ್ ಹೆಚ್ಚುಕಮ್ಮಿ ಪ್ರೋಟೀನ್‌ನ ತೂಕದಷ್ಟೇ ಸಂಖ್ಯೆ, ಅಂದರೆ ಇಲ್ಲಿ 17000. ಸ್ಪಷ್ಟವಾಗಿ ಕಾಣಲು ಅದಕ್ಕಿಂತ ಸಾಕಷ್ಟು ಜಾಸ್ತಿ ಬೇಕು. ಸಾಧಾರಣ ಕ್ವಾಡ್ರುಪೋಲ್‌ನಲ್ಲಿ ಆಗದ ಮಾತು.

ಇಳಿಜಾರು ಇಲ್ಲ, ಆದರೂ ತೂಕ ಹೊಂದುತ್ತಿಲ್ಲ

ಎಲ್ಲಾ ಚಾರ್ಜ್‌ನಲ್ಲೂ ಒಂದೇ ತೂಕ, ಬಿಟ್ಟುಹೋದ ಪೀಕ್ ಇಲ್ಲ, ಆದರೂ ಲೆಕ್ಕ ಹಾಕಿದ ತೂಕಕ್ಕೆ ಕೂಡುತ್ತಿಲ್ಲ. ಈಗಲೂ ಪ್ರೋಟೀನ್ ಮೇಲೆ ಹೋಗಬೇಡಿ, ಮೂರು ಸಂಗತಿ ಬಾಕಿ ಇವೆ.

ಮೊದಲನೆಯದು ಹೋಲಿಕೆಯ ಸಂಖ್ಯೆ. ಸಾಫ್ಟ್‌ವೇರ್ ಕೊಟ್ಟದ್ದು M ಅಲ್ಲದೆ, ಒಂದು ಪ್ರೋಟಾನ್ ಸೇರಿದ ತೂಕವಾದ MH+ ಆಗಿದ್ದರೆ ಎಲ್ಲಾ ಕಡೆ ಒಂದು ಡಾಲ್ಟನ್ ಜಾಸ್ತಿ ಬರುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಐಸೊಟೋಪ್ ಬಿಡಿಸದ ಪೀಕ್‌ನ ತುದಿ ಸರಾಸರಿ ತೂಕವನ್ನು ಕೊಡುತ್ತದೆ. ಅದನ್ನು ಮೊನೊಐಸೊಟೋಪಿಕ್ ತೂಕದ, ಅಂದರೆ ಪ್ರತಿ ಧಾತುವಿನ ಅತಿ ಸಾಮಾನ್ಯ ಐಸೊಟೋಪ್ ಮಾತ್ರ ಲೆಕ್ಕಕ್ಕೆ ಹಿಡಿದ ತೂಕದ, ಪಕ್ಕ ಇಟ್ಟರೆ ಮಯೋಗ್ಲೋಬಿನ್ ಗಾತ್ರದಲ್ಲಿ 10 ಡಾಲ್ಟನ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ತೂಕ ಲೆಕ್ಕ ಹಾಕಿದ ಅಮೈನೊ ಆಮ್ಲಗಳ ಸಾಲಿನಲ್ಲಿ ಮೊದಲ ಮೆಥಿಯೊನಿನ್ ಸೇರಿದೆಯಾ ಅಂತಲೂ ನೋಡಿ. ಜೀವಕೋಶ ಅದನ್ನು ಹಲವು ಸಲ ಕತ್ತರಿಸಿಹಾಕುತ್ತದೆ, ಆಗ 131 ಕಮ್ಮಿ.

ಎರಡನೆಯದು ಅಳತೆಪಟ್ಟಿ ಸರಿಯದೆ, ಹಿಗ್ಗಿರುವುದು. ಎಲ್ಲಾ m/zಗಳೂ ಹತ್ತು ಸಾವಿರಕ್ಕೆ ಒಂದರಷ್ಟು, ಅಂದರೆ 100 ಪಿಪಿಎಂ, ಹಿಗ್ಗಿದರೆ ತೂಕ ಎಲ್ಲಾ ಚಾರ್ಜ್‌ನಲ್ಲೂ ಸಮವಾಗಿ 1.7 ಡಾಲ್ಟನ್ ಏರುತ್ತದೆ. ಇಳಿಜಾರಿನಲ್ಲಿ ಇದು ಎಂದೂ ಕಾಣುವುದಿಲ್ಲ. ನಿಮ್ಮ ಪ್ರೋಟೀನ್ ಓಡಿಸುವ ಮುಂಚೆ ಅಥವಾ ಆದಮೇಲೆ, ಅದೇ ಸೆಟ್ಟಿಂಗ್‌ನಲ್ಲಿ, ತೂಕ ಗೊತ್ತಿರುವ ಪ್ರೋಟೀನ್ ಒಂದನ್ನು ಓಡಿಸುವುದೊಂದೇ ದಾರಿ. ಹೋದ ವಾರದ ಕ್ಯಾಲಿಬ್ರೇಶನ್ ತೋರಿಸಿದರೆ ಸಾಲದು.

ಮೂರನೆಯದು ಉಪ್ಪು. ಒಂದು ಪ್ರೋಟಾನ್ ಜಾಗಕ್ಕೆ ಸೋಡಿಯಂ ಕೂತರೆ 21.98 ಏರುತ್ತದೆ, ಪೊಟ್ಯಾಸಿಯಂ ಆದರೆ 38.09. ಫಾಸ್ಪೇಟ್ ಬಫರ್‌ನಿಂದ ಬಂದ ಸ್ಯಾಂಪಲ್‌ನಲ್ಲಿ 98 ಡಾಲ್ಟನ್ ಜಾಸ್ತಿ ಇರುವ ಮರಿ ಪೀಕ್‌ಗಳು ಕಾಣುತ್ತವೆ. ಇವು ಮುಖ್ಯ ಪೀಕ್‌ನ ಬಲಕ್ಕೆ ನಿಲ್ಲುತ್ತವೆ. ಸೋಡಿಯಂ ಮರಿ ಚಾರ್ಜ್ 12ರಲ್ಲಿ 1.83 ದೂರ, 16ರಲ್ಲಿ 1.37, 20ರಲ್ಲಿ 1.10. ಚಾರ್ಜ್ ಏರಿದಂತೆ ಮರಿ ಹತ್ತಿರ ಬರಬೇಕು. ಎಲ್ಲಾ ಕಡೆ ದೂರ ಒಂದೇ ಇದ್ದರೆ ಅದು ಪ್ರೋಟೀನ್‌ಗೆ ಅಂಟಿದ್ದಲ್ಲ, ಯಂತ್ರದ ಕಡೆ ಏನೋ ಆಗಿದೆ.

ರೆಸಲ್ಯೂಶನ್ ಕಡಿಮೆ ಇದ್ದರೆ ಮರಿ ಬೇರೆಯಾಗಿ ನಿಲ್ಲದೆ ತಾಯಿಯೊಳಗೆ ಕರಗಿಹೋಗುತ್ತದೆ. ಆಗ ಪೀಕ್ ಬಲಕ್ಕೆ ಬಾಲ ಬಿಟ್ಟ ಹಾಗೆ ಕಾಣುತ್ತದೆ. ಸಾಫ್ಟ್‌ವೇರ್ ಇಡೀ ಪೀಕ್‌ನ ಮಧ್ಯಬಿಂದು ತೆಗೆದುಕೊಂಡರೆ ತೂಕ ಐದಾರು ಡಾಲ್ಟನ್ ಏರಬಹುದು. ಈ ಐದಾರಕ್ಕೆ ಯಾವ ರಾಸಾಯನಿಕ ವಿವರಣೆಯೂ ಸರಿಯಾಗಿ ಹೊಂದದು. ಪೀಕ್‌ನ ಮೇಲಿನ ಭಾಗದಿಂದ ಮಾತ್ರ ಮಧ್ಯಬಿಂದು ತೆಗೆಯುವಂತೆ ಸೆಟ್ ಮಾಡಿ ನೋಡಿ. ತೂಕ ಇಳಿದರೆ ಉಪ್ಪೇ ಕಾರಣ. ಸ್ಯಾಂಪಲ್‌ನ ಉಪ್ಪು ತೆಗೆದು, ಅಮೋನಿಯಂ ಅಸಿಟೇಟ್‌ನಂಥ ಆವಿಯಾಗಿ ಹೋಗುವ ಬಫರ್‌ಗೆ ಬದಲಿಸಿ ಮತ್ತೆ ಓಡಿಸಬೇಕು. ಬೇರೆ ಉಪಾಯ ಇಲ್ಲ.

ಇಷ್ಟೆಲ್ಲಾ ಮುಗಿದು, ಪಕ್ಕದಲ್ಲಿ ಓಡಿಸಿದ ಗೊತ್ತಿರುವ ಪ್ರೋಟೀನ್ ಸರಿಯಾದ ತೂಕ ಕೊಟ್ಟು, ನಿಮ್ಮದು ಮಾತ್ರ ಎಲ್ಲಾ ಚಾರ್ಜ್‌ನಲ್ಲೂ 42 ಜಾಸ್ತಿ ತೋರಿಸಿದರೆ ಆಗ ಅಸಿಟೈಲ್ ಬಗ್ಗೆ ಮಾತಾಡಬಹುದು. 16 ಜಾಸ್ತಿ ಇದ್ದರೆ ಆಕ್ಸಿಡೇಶನ್. ಯಾವ ಮೆಥಿಯೊನಿನ್ ಅಂತ ಇಡೀ ಪ್ರೋಟೀನ್‌ನ ತೂಕ ಹೇಳುವುದಿಲ್ಲ, ಅದಕ್ಕೆ ಟ್ರಿಪ್ಸಿನ್‌ನಿಂದ ಕತ್ತರಿಸಿ ತುಂಡುಗಳನ್ನು ನೋಡಬೇಕು. ಇನ್ನು ಆಸ್ಪರಜಿನ್ ಡಿಅಮಿಡೇಶನ್‌ನಂಥ ಬದಲಾವಣೆ ತೂಕಕ್ಕೆ 0.98 ಮಾತ್ರ ಸೇರಿಸುತ್ತದೆ. ಚಾರ್ಜ್ 16ರಲ್ಲಿ ಅದು 0.06 ಸರಿತ. ಪೀಕ್ ಅಷ್ಟರಲ್ಲಿ ಎರಡಾಗಿ ಬಿಡಿಸಿಕೊಳ್ಳುವುದಿಲ್ಲ, ಸ್ವಲ್ಪ ದಪ್ಪಗಾಗುತ್ತದೆ ಅಷ್ಟೇ. ಅಂಥಾ ಬದಲಾವಣೆ ಇದೆ ಅಂತ ಇಡೀ ಪ್ರೋಟೀನ್‌ನ ಪೀಕ್ ಸಾಲಿನಿಂದ ಯಾರಾದರೂ ಹೇಳಿದರೆ, ತುಂಡುಗಳ ಡೇಟಾ ಕೇಳಿ.